ನಂಬರ್ ಬದಲಾಯಿತು, ಬ್ಯಾಂಕಿಗೆ ಗೊತ್ತಾಯಿತೇ?

2024ರ ಜುಲೈ ಮೊದಲ ವಾರ ಜಿಯೊ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಕಂಪನಿಗಳು ಒಂದರ ಹಿಂದೆ ಒಂದರಂತೆ ರೀಚಾರ್ಜ್ ದರ ಏರಿಸಿದವು. ಆಮೇಲೆ ಊರೂರಲ್ಲಿ ಸಿಮ್ ಬದಲಾಯಿಸುವ ಭರಾಟೆ ನಡೆಯಿತು. ಕೆಲವರು ನಂಬರ್ ಉಳಿಸಿಕೊಂಡೇ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆದರು. ಇನ್ನು ಕೆಲವರು ‘ಅದೆಲ್ಲ ಎಂತ ತಲೆಬಿಸಿ’ ಅಂತ ಹೊಸ ಸಿಮ್ಮೇ ತಗೊಂಡು ಹಳೆಯದನ್ನು ರೀಚಾರ್ಜ್ ಮಾಡದೆ ಬಿಟ್ಟರು. ಸುಳ್ಯ ತಾಲೂಕಿನ ಐವರ್ನಾಡಿನಂಥ ಕಡೆ ಇದಕ್ಕೆ ದರ ಮಾತ್ರ ಕಾರಣವಲ್ಲ. ಮನೆ ಗುಡ್ಡದ ಯಾವ ಬದಿಗಿದೆ, ಅಂಗಳದಲ್ಲಿ ಯಾವ ಕಂಪನಿಯ ಸಿಗ್ನಲ್ ಬರ್ತದೆ ಅನ್ನುವುದರ ಮೇಲೂ ಸಿಮ್ ನಿರ್ಧಾರವಾಗುತ್ತದೆ.

ಈ ಬದಲಾವಣೆಯ ಸುದ್ದಿ ಬ್ಯಾಂಕಿಗೆ ತಾನಾಗಿ ಹೋಗುವುದಿಲ್ಲ. ಆಧಾರ್‌ನಲ್ಲಿ ನಂಬರ್ ಬದಲಾಯಿಸಿದರೂ ಹೋಗುವುದಿಲ್ಲ, ಏಕೆಂದರೆ ಅದು ಬೇರೆ ದಾಖಲೆ, ಇದು ಬೇರೆ ದಾಖಲೆ. ತೊಂದರೆ ಏನೆಂದರೆ, ಮೆಸೇಜ್ ಬಾರದಿದ್ದರೆ ಅದು ಬಂದಿಲ್ಲ ಅಂತ ತಿಳಿಸುವವರು ಯಾರೂ ಇರುವುದಿಲ್ಲ. ದುಡ್ಡು ಬರುತ್ತಿರುತ್ತದೆ, ಹೋಗುತ್ತಿರುತ್ತದೆ, ಫೋನ್ ಮಾತ್ರ ಸುಮ್ಮನಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಐವರ್ನಾಡಿನ ಅಡಿಕೆ ಬೆಳೆಗಾರರೊಬ್ಬರು, 60 ದಾಟಿದ ವಯಸ್ಸು. ಖಾತೆ ತೆರೆದದ್ದು ವಿಜಯಾ ಬ್ಯಾಂಕ್ ಕಾಲದಲ್ಲಿ. 2019ರ ಏಪ್ರಿಲ್ 1ಕ್ಕೆ ಆ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. ನಮ್ಮ ಜಿಲ್ಲೆಯಲ್ಲಿ ಈ ಕಥೆ ಎಲ್ಲರದ್ದೂ ಹೌದು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಕ್ಕೆ ಹೋದವು. ಬೋರ್ಡು ಬದಲಾಯಿತು, ಪಾಸ್‌ಬುಕ್ ಬದಲಾಯಿತು. ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರ್ ಮಾತ್ರ ಹಳೆಯದೇ. ಅವರು ಹೊಸ ಸಿಮ್ ಹಾಕಿ ಎಂಟು ತಿಂಗಳಾಗಿದೆ. ಅಡಿಕೆ ಮಾರಿದ ದುಡ್ಡು ಖಾತೆಗೆ ಬಂತೇ ಅಂತ ನೋಡಲು ಪಾಸ್‌ಬುಕ್ ಪ್ರಿಂಟ್ ಮಾಡಿಸಿದಾಗ ಇಪ್ಪತ್ತು ದಿನ ಹಿಂದೆ 38,000 ರೂಪಾಯಿ ಹೋಗಿರುವುದು ಕಾಣುತ್ತದೆ. ಅವರು ತೆಗೆದದ್ದಲ್ಲ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇಂಥ ಸಂದರ್ಭಕ್ಕಾಗಿಯೇ ಇರುವುದು. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ಬೇರೆಲ್ಲೋ ಆಗಿದೆ ಅಂತಾದರೆ, ಬ್ಯಾಂಕಿನಿಂದ ಮಾಹಿತಿ ಸಿಕ್ಕ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ಕೊಟ್ಟರೆ ಸಾಮಾನ್ಯ ಉಳಿತಾಯ ಖಾತೆಯವರು ಗರಿಷ್ಠ 10,000 ರೂಪಾಯಿ, ಶೂನ್ಯ ಬ್ಯಾಲೆನ್ಸ್‌ನ ಮೂಲ ಖಾತೆಯವರು ಗರಿಷ್ಠ 5,000 ರೂಪಾಯಿ ಹೊರಬೇಕು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನು ಹೇಳುತ್ತದೋ ಅದು.

‘ಮಾಹಿತಿ ಸಿಕ್ಕ’ ಅನ್ನುವ ಮಾತಿನ ಮೇಲೆಯೇ ಜಗಳ ನಿಂತಿರುವುದು. ನನಗೆ ಗೊತ್ತಾದದ್ದು ಪಾಸ್‌ಬುಕ್ ಪ್ರಿಂಟಾದ ದಿನ ಅಂತ ಬೆಳೆಗಾರರು ಹೇಳುತ್ತಾರೆ. ನಮ್ಮ ದಾಖಲೆಯಲ್ಲಿದ್ದ ನಂಬರಿಗೆ ಅದೇ ಕ್ಷಣ ಎಸ್‌ಎಂಎಸ್ ಹೋಗಿದೆ, ನಂಬರ್ ಬದಲಾದದ್ದನ್ನು ನೀವು ಹೇಳಿಲ್ಲ ಅಂತ ಬ್ಯಾಂಕ್ ಹೇಳುತ್ತದೆ. ಗ್ರಾಹಕರ ತಪ್ಪನ್ನು ಸಾಬೀತು ಮಾಡುವ ಹೊಣೆ ಬ್ಯಾಂಕಿನದ್ದೇ ಅಂತ ಅದೇ ಸುತ್ತೋಲೆ ಹೇಳಿರುವುದು ನಿಜ. ಆದರೆ ಇಂಥ ವಾದಕ್ಕೆ ಇಳಿದ ಮೇಲೆ ತಿಂಗಳುಗಟ್ಟಲೆ ಅಲೆಯುವವರು ಯಾರು ಅಂತ ಎಲ್ಲರಿಗೂ ಗೊತ್ತು.

ಈಗ ಇದೇ ಕಥೆಯಲ್ಲಿ ಒಂದು ಕಾಗದ ಸೇರಿಸಿ. ಸಿಮ್ ಬದಲಾದ ವಾರವೇ ಅವರು ಶಾಖೆಯಲ್ಲಿ ನಂಬರ್ ಬದಲಾವಣೆಯ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಂಡಿದ್ದರು ಅಂತಿಟ್ಟುಕೊಳ್ಳಿ. ಬ್ಯಾಂಕ್ ಅದನ್ನು ಸಿಸ್ಟಮ್ಮಿಗೆ ಹಾಕಿರಲಿಲ್ಲ. ಆಗ ಇದು ಬ್ಯಾಂಕಿನ ಸೇವಾ ಲೋಪ ಅಂತ ವಾದಿಸಲು ಗಟ್ಟಿ ಆಧಾರ ಸಿಗುತ್ತದೆ. ಬ್ಯಾಂಕಿನ ನಿರ್ಲಕ್ಷ್ಯ ಅಥವಾ ಲೋಪದಿಂದ ಆದ ನಷ್ಟಕ್ಕೆ ದಿನಗಳ ಲೆಕ್ಕವೇ ಇಲ್ಲ. ಗ್ರಾಹಕರು ದೂರು ಕೊಡಲಿ ಬಿಡಲಿ, ಅವರ ಹೊಣೆ ಸೊನ್ನೆ ಅಂತ ಸುತ್ತೋಲೆ ಸ್ಪಷ್ಟವಾಗಿ ಹೇಳುತ್ತದೆ. ಆ ಸೀಲಿನ ಬೆಲೆ 38,000 ರೂಪಾಯಿ. ಕೌಂಟರಿನಲ್ಲಿ ‘ಆಯ್ತು, ಮಾಡ್ತೇವೆ, ನೀವು ಹೋಗಿ’ ಅಂದಾಗ ಅದನ್ನು ಕೇಳದೆ ಹೊರಬರಬೇಡಿ.

ಹಾಗಾದರೆ ಹಳೆಯ ನಂಬರ್ ಏನಾಯಿತು? ರೀಚಾರ್ಜ್ ಇಲ್ಲದೆ ಸತ್ತ ನಂಬರನ್ನು ಕಂಪನಿ ಎಂದೆಂದಿಗೂ ಹಾಗೇ ಇಟ್ಟುಕೊಳ್ಳುವುದಿಲ್ಲ. ಸಂಪರ್ಕ ಕಡಿದ ಮೇಲೆ ಕನಿಷ್ಠ 90 ದಿನ ಅದನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದು 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅದರಾಚೆ ಆ ನಂಬರ್ ಮತ್ತೆ ಮಾರಾಟಕ್ಕೆ ಬರಬಹುದು. ತಗೊಂಡವರ ಫೋನಿಗೆ ಐವರ್ನಾಡಿನವರ ಖಾತೆಯ ಜಮೆ, ಖರ್ಚು, ಬ್ಯಾಲೆನ್ಸ್ ಎಲ್ಲ ಹೋಗುತ್ತಿರುತ್ತದೆ. ಒಟಿಪಿ ಕೂಡ. ಅಷ್ಟಕ್ಕೇ ಅವರು ದುಡ್ಡು ತೆಗೆಯಬಹುದು ಅಂತಲ್ಲ. ಹೊಸದಾಗಿ ಯುಪಿಐ ಪಿನ್ ಹಾಕಲು ಡೆಬಿಟ್ ಕಾರ್ಡಿನ ವಿವರವೋ ಆಧಾರ್ ಒಟಿಪಿಯೋ ಬೇಕಾಗುತ್ತದೆ. ಆದರೆ ಕಾರ್ಡಿನ ವಿವರ ಈಗಾಗಲೇ ಎಲ್ಲೋ ಸೋರಿದ್ದರೆ, ನಡುವೆ ಇದ್ದ ಕೊನೆಯ ಬಾಗಿಲು ಆ ಒಟಿಪಿ ಮಾತ್ರ.

ಇದನ್ನು ತಡೆಯಲು ದೂರಸಂಪರ್ಕ ಇಲಾಖೆ ರದ್ದಾದ ನಂಬರುಗಳ ಪಟ್ಟಿಯನ್ನು ಬ್ಯಾಂಕುಗಳಿಗೆ ಒದಗಿಸುತ್ತದೆ. ಅದನ್ನು ಬಳಸಿ ದಾಖಲೆ ಶುಚಿ ಮಾಡಿ ಅಂತ 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಯುಪಿಐ ವ್ಯವಸ್ಥೆಯೂ 2025ರ ಏಪ್ರಿಲ್ 1ರಿಂದ ವಾರಕ್ಕೊಮ್ಮೆಯಾದರೂ ಇಂಥ ಪಟ್ಟಿ ನೋಡಬೇಕು ಅಂತ ನಿಯಮ ಬಂತು. ಹಾಗಾಗಿ ಒಂದು ಬೆಳಿಗ್ಗೆ ಯುಪಿಐ ಇದ್ದಕ್ಕಿದ್ದಂತೆ ನಿಂತರೆ ಆ್ಯಪ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ, ಖಾತೆಯಲ್ಲಿರುವ ನಂಬರ್ ಯಾವುದು ನೋಡಿ. ಹಳೆಯ ನಂಬರ್ ಇನ್ನೂ ನಿಮ್ಮ ಹೆಸರಿನಲ್ಲೇ ಇದೆಯೇ ಅಂತ sancharsaathi.gov.in ತಾಣದಲ್ಲಿ ನೋಡಬಹುದು. ಇದ್ದರೆ, ಸಿಮ್ ಕಂಪನಿಯ ಅಂಗಡಿಯಲ್ಲಿ ಅದಕ್ಕೆ ಜೀವ ಕೊಡಿಸಿಕೊಂಡರೆ ಮುಂದಿನ ಕೆಲಸ ಸುಲಭ. ನೆಟ್ ಬ್ಯಾಂಕಿಂಗ್‌ನಲ್ಲಿ ನಂಬರ್ ಬದಲಾಯಿಸಲು ಹಲವು ಬ್ಯಾಂಕುಗಳು ಹಳೆಯ ನಂಬರಿಗೆ ಬಂದ ಒಟಿಪಿಯನ್ನೂ ಕೇಳುತ್ತವೆ.

ಹಳೆಯದು ಪೂರ್ತಿ ಹೋಗಿದ್ದರೆ ಶಾಖೆಯೇ ದಾರಿ. ಪಾಸ್‌ಬುಕ್, ಆಧಾರ್ ಅಥವಾ ಪಾನ್‌ನ ಮೂಲ ಮತ್ತು ನಕಲು ಹಿಡಿದು ಖಾತೆದಾರರೇ ಹೋಗಬೇಕು. ಸಹಿ ಖಾತೆ ತೆರೆದಾಗಿನ ಸಹಿಗೆ ಹೊಂದಬೇಕು. ವಯಸ್ಸಾದವರ ಅರ್ಜಿ ಹೆಚ್ಚಾಗಿ ವಾಪಸು ಬರುವುದು ಇಲ್ಲೇ. ಒಬ್ಬ ಸಿಬ್ಬಂದಿ ಹೊಸ ನಂಬರನ್ನು ಟೈಪ್ ಮಾಡಿದ ಮೇಲೆ ಇನ್ನೊಬ್ಬ ಅಧಿಕಾರಿ ತಮ್ಮ ಲಾಗಿನ್‌ನಿಂದ ಅದನ್ನು ಒಪ್ಪಬೇಕು. ಎರಡನೆಯದು ಆಗುವವರೆಗೆ ಏನೂ ಬದಲಾಗಿರುವುದಿಲ್ಲ. ಕೌಂಟರಿನಲ್ಲಿ ‘ಆಗಿದೆ’ ಅಂದದ್ದು ಎಷ್ಟೋ ಸಲ ಅರ್ಧ ಆಗಿರುವುದು ಇದರಿಂದ.

ಅರ್ಜಿಯಲ್ಲಿ ಎಲ್ಲ ಖಾತೆಗಳ ಸಂಖ್ಯೆ ಬರೆಯಿರಿ. ಬ್ಯಾಂಕಿನ ಸಾಫ್ಟ್‌ವೇರ್‌ನಲ್ಲಿ ಫೋನ್ ನಂಬರ್ ಸಾಮಾನ್ಯವಾಗಿ ಕೂತಿರುವುದು ಗ್ರಾಹಕ ಐಡಿಯ ಜೊತೆಗೆ, ಖಾತೆಯ ಜೊತೆಗಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಶಾಖೆಯಲ್ಲಿ ಖಾತೆ ತೆರೆದವರಿಗೆ ಎರಡು ಐಡಿ ಇರುವುದುಂಟು, ವಿಲೀನವಾದ ಬ್ಯಾಂಕುಗಳಲ್ಲಂತೂ ಹೆಚ್ಚು. ಒಂದರಲ್ಲಿ ನಂಬರ್ ಬದಲಾಯಿಸಿದರೆ ಇನ್ನೊಂದು ಹಳೆಯದೇ. ಎಸ್‌ಎಂಎಸ್ ಸೌಲಭ್ಯ ಚಾಲೂ ಇದೆಯೇ ಅಂತ ಪ್ರತ್ಯೇಕವಾಗಿ ಕೇಳಿ. ಹಲವು ಬ್ಯಾಂಕುಗಳು ಎಸ್‌ಎಂಎಸ್‌ಗೆ ಶುಲ್ಕ ಹಿಡಿಯುತ್ತವೆ, ಅಂದರೆ ಇನ್ನೊಬ್ಬರಿಗೆ ಹೋಗುತ್ತಿದ್ದ ಮೆಸೇಜಿಗೂ ನಿಮ್ಮ ಖಾತೆಯಿಂದಲೇ ದುಡ್ಡು ಹೋಗಿರಬಹುದು!

ಆದದ್ದು ನಿಜವೇ ಅಂತ ತಿಳಿಯಲು ಎರಡು ದಿನ ಬಿಟ್ಟು ಹೊಸ ನಂಬರಿನಿಂದ ಬ್ಯಾಂಕಿನ ಬ್ಯಾಲೆನ್ಸ್ ನಂಬರಿಗೆ ಮಿಸ್ಡ್ ಕಾಲ್ ಕೊಡಿ. ಅದಕ್ಕೆ ಮೊದಲೇ ನೋಂದಣಿ ಕೇಳುವ ಬ್ಯಾಂಕುಗಳೂ ಉಂಟು. ಆಮೇಲೆ ನಿಮ್ಮದೇ ಬ್ಯಾಂಕಿನ ಎಟಿಎಂನಲ್ಲಿ 500 ರೂಪಾಯಿ ತೆಗೆದು ಮೆಸೇಜ್ ಬರ್ತದಾ ನೋಡಿ. ಹತ್ತು ರೂಪಾಯಿ ಯುಪಿಐ ಮಾಡಿ ಪರೀಕ್ಷೆ ಮಾಡುವುದು ಸರಿಯಾದ ದಾರಿಯಲ್ಲ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ 100 ರೂಪಾಯಿಗಿಂತ ಕಡಿಮೆ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳಿಸುವುದನ್ನೇ ನಿಲ್ಲಿಸಿತು. ಅಲ್ಲಿ ಮೆಸೇಜ್ ಬಾರದಿದ್ದರೆ ನಂಬರ್ ತಪ್ಪಾಗಿದೆ ಅಂತಲ್ಲ. ಹಾಗೆಯೇ ಗೃಹಲಕ್ಷ್ಮಿಯ ಮೆಸೇಜ್ ಬಂದಿಲ್ಲ ಅಂದಮಾತ್ರಕ್ಕೆ 2,000 ಬಂದಿಲ್ಲ ಅಂತಲೂ ಅಲ್ಲ. ಆ ಹಣ ಹುಡುಕಿಕೊಂಡು ಬರುವುದು ಆಧಾರ್ ಜೋಡಿಸಿದ ಖಾತೆಯನ್ನು, ಫೋನನ್ನಲ್ಲ. ಪಾಸ್‌ಬುಕ್ ಪ್ರಿಂಟ್ ಮಾಡಿಸಿಯೇ ನೋಡಬೇಕು.

ಮಿಸ್ಡ್ ಕಾಲ್ ನಂಬರನ್ನು ಎಲ್ಲಿಂದ ತಗೊಳ್ಳುತ್ತೀರಿ ಅನ್ನುವುದು ಮುಖ್ಯ. ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು, ಕಸ್ಟಮರ್ ಕೇರ್ ಅಂತ ಹುಡುಕಿದರೆ ವಂಚಕರು ಹಾಕಿಟ್ಟ ನಂಬರುಗಳೂ ಸಿಗುತ್ತವೆ. ಪಾಸ್‌ಬುಕ್, ಡೆಬಿಟ್ ಕಾರ್ಡಿನ ಹಿಂಬದಿ ಅಥವಾ ಬ್ಯಾಂಕಿನ ತಾಣ ನೋಡಿ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳ ವಿಳಾಸ ಈಗ .bank.in ಅಂತ ಕೊನೆಯಾಗಬೇಕು. ‘ನಿಮ್ಮ ನಂಬರ್ ಅಪ್‌ಡೇಟ್ ಆಗಿಲ್ಲ, ಇವತ್ತೇ ಖಾತೆ ಬ್ಲಾಕ್ ಆಗ್ತದೆ’ ಅಂತ ಬರುವ ಕರೆ ಇದೇ ಹೊತ್ತಿಗೆ ನಂಬಲು ಸುಲಭ, ಏಕೆಂದರೆ ನಿಮ್ಮ ನಂಬರ್ ನಿಜವಾಗಿಯೂ ಅಪ್‌ಡೇಟ್ ಆಗಿರುವುದಿಲ್ಲ. ಗ್ರಾಹಕರಿಗೆ ವಹಿವಾಟಿನ ಕರೆ ಮಾಡಲು ಬ್ಯಾಂಕುಗಳಿಗೆ 1600ರಿಂದ ಶುರುವಾಗುವ ನಂಬರುಗಳಿವೆ. ಹತ್ತಂಕಿಯ ಮಾಮೂಲಿ ಮೊಬೈಲಿನಿಂದ ಬಂದು ವಾಟ್ಸ್ಆ್ಯಪ್‌ನಲ್ಲಿ .apk ಫೈಲ್ ಕಳಿಸುವವರು ಬ್ಯಾಂಕಿನವರಲ್ಲ. ಆ ಫೈಲ್ ಹಾಕಿಕೊಂಡರೆ ಒಟಿಪಿಗಳನ್ನು ಅದೇ ಓದಿ ಕಳಿಸಬಲ್ಲದು. ನೀವೇ ಒಟಿಪಿ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ ಅನ್ನುತ್ತದೆ ಅದೇ 2017ರ ಸುತ್ತೋಲೆ. ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಹಾಗಾಗಿ ಮೊದಲು ಬ್ಯಾಂಕಿಗೆ, ಕೂಡಲೇ 1930ಕ್ಕೆ ಕರೆ.

ಊರಿನ ಕೃಷಿ ಪತ್ತಿನ ಸಹಕಾರಿ ಸಂಘದ ಉಳಿತಾಯ ಖಾತೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕಂದ್ರೆ ಇಲ್ಲಿ ಎಷ್ಟೋ ಮನೆಗಳ ದುಡ್ಡು ಇರುವುದೇ ಅಲ್ಲಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಕಾನೂನಿನ ಲೆಕ್ಕದಲ್ಲಿ ಬ್ಯಾಂಕಲ್ಲ. ಮೇಲೆ ಹೇಳಿದ ಮೂರು ದಿನ, ಏಳು ದಿನದ ರಕ್ಷಣೆ ಅವಕ್ಕೆ ಅನ್ವಯಿಸುವುದಿಲ್ಲ, ರಿಸರ್ವ್ ಬ್ಯಾಂಕಿನ ಲೋಕಪಾಲರ ಬಳಿ ದೂರು ಒಯ್ಯುವಂತೆಯೂ ಇಲ್ಲ. ಅಲ್ಲಿಗೂ ನಂಬರ್ ಬದಲಾವಣೆಯ ಅರ್ಜಿ ಬೇರೆಯಾಗಿಯೇ ಕೊಡಬೇಕು.

ಬ್ಯಾಂಕಿನ ವಿಷಯದಲ್ಲಿ ಹಾಗಲ್ಲ. ಸೀಲು ಹಾಕಿದ ಅರ್ಜಿ ಕೈಯಲ್ಲಿದ್ದೂ ನಂಬರ್ ಬದಲಾಗದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ಲೋಕಪಾಲರಿಗೆ ದೂರು ಹಾಕಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸೀಲಿನ ಫೋಟೊ ಜೊತೆಗಿಡಿ.