‘ನಾವಿಬ್ಬರೇ ತಾನೇ?’ ಎಂದು ಕೇಳಿದರೆ ಸಂಬಂಧ ಕೆಡುತ್ತದೆಯೇ?

‘ನೀವಾಗಿ ಕೇಳಬೇಡಿ, ದೂರವಾಗುತ್ತಾರೆ’ ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ನಿಜವೆಂದರೆ, ಕೇಳುವುದೇ ಒತ್ತಾಯವಲ್ಲ. ಕೇಳುವ ರೀತಿ ಒತ್ತಾಯವಾಗಬಹುದು. ‘ಬೇರೆ ಯಾರನ್ನಾದರೂ ಭೇಟಿಯಾಗ್ತಿದ್ದೀಯಾ?’ ಎಂದರೆ ವಿಚಾರಣೆಯಂತೆ ಕೇಳಿಸುತ್ತದೆ. ಹಾಗಾಗಿ ಮೊದಲು ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ, ಆಮೇಲೆ ಅವರದ್ದನ್ನು ಕೇಳಿ.

ಐದು ವಾರಗಳಿಂದ ಡೇಟಿಂಗ್ ಮಾಡುತ್ತಿದ್ದೀರಿ ಎನ್ನಿ. ಮೆಸೇಜ್ ಬೇಡ, ಕಾಫಿ ಕುಡಿದು ನಡೆದು ಹೋಗುವಾಗ ಹೇಳಿ: ‘ನಾನೀಗ ಬೇರೆ ಯಾರ ಜೊತೆಗೂ ಡೇಟಿಂಗ್ ಮಾಡ್ತಿಲ್ಲ, ಆ್ಯಪ್ ಕೂಡ ತೆಗೆದುಬಿಟ್ಟೆ. ನಿನಗೆ ಹೇಗನ್ನಿಸುತ್ತೆ? ಈಗಲೇ ಹೇಳಬೇಕಂತೇನಿಲ್ಲ.’

ಅಷ್ಟು ಹೇಳಿ ಸುಮ್ಮನಾಗಿ. ಒಂದು ವಾರ ಕೇಳಿದರೆ ಕೊಡಿ. ಒಪ್ಪಿದರೆ, ಅವರೂ ಆ್ಯಪ್ ಬಿಡುತ್ತಾರಾ ಎಂದು ಆಗಲೇ ಮಾತಾಡಿಕೊಳ್ಳಿ. ವಾರದ ನಂತರವೂ ಮಾತು ಮರೆಸಿದರೆ, ಸದ್ಯಕ್ಕೆ ‘ಇಲ್ಲ’ ಎಂದೇ ತಿಳಿಯಿರಿ.