ಸ್ಟೇಟಸ್‌ನ ಒಂಬತ್ತು ಲಕ್ಷ, ಬಾಂಡಿನ ಐದು ಲಕ್ಷ

ನಾನು ವಿಮಾ ಏಜೆಂಟ್. ಕೆಲವು ವರ್ಷಗಳ ಹಿಂದೆ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಲೆಂದು ಒಂದು ಎಂಡೋಮೆಂಟ್ ಪಾಲಿಸಿಯ ಬಗ್ಗೆ ನಾಲ್ಕು ಸಾಲು ಬರೆದೆ. ‘ವರ್ಷಕ್ಕೆ 26,000 ಕಟ್ಟಿ, 20 ವರ್ಷಕ್ಕೆ 9 ಲಕ್ಷ ಪಡೆಯಿರಿ. ಜೊತೆಗೆ 5 ಲಕ್ಷದ ವಿಮೆ.’ ಹಾಕಿದ ದಿನ ಸಂಜೆಯೇ ನಮ್ಮೂರಿನ ಟೈಲರಿಂಗ್ ಅಂಗಡಿಯ ಹೆಣ್ಣುಮಗಳು ಫೋನ್ ಮಾಡಿದರು. ಮಗಳು ಆಗ ಅಂಗನವಾಡಿಗೆ ಹೋಗುತ್ತಿದ್ದಳು.

‘ಅಣ್ಣಾ, ಒಂಬತ್ತು ಲಕ್ಷ ಬರೋದು ಗ್ಯಾರಂಟಿನಾ?’

ನಾನು ಬರೆದ ಸಾಲನ್ನು ಓದಿದ ಯಾರಾದರೂ ಗ್ಯಾರಂಟಿ ಎಂದೇ ತಿಳಿಯುತ್ತಾರೆ. ಬಾಂಡಿನಲ್ಲಿ ಮಾತ್ರ ಹಾಗಿರಲಿಲ್ಲ. ಸ್ಟೇಟಸ್ ಅಳಿಸಿ, ಮರುದಿನ ಅವರ ಅಂಗಡಿಗೆ ಹೋಗಿ ಕೂತು, ಒಂಬತ್ತು ಲಕ್ಷ ಎಲ್ಲಿಂದ ಬಂತು ಎನ್ನುವುದನ್ನು ಬಿಡಿಸಿ ಹೇಳಿದೆ. ಅದೇ ಲೆಕ್ಕವನ್ನು ಇಲ್ಲಿ ಹೇಳುತ್ತೇನೆ. ಅಂಕಿಗಳು ಉದಾಹರಣೆಗೆ ಹಿಡಿದವು. ನಿಮ್ಮ ವಯಸ್ಸು, ಪಾಲಿಸಿ ನೋಡಿಕೊಂಡು ಬದಲಾಗುತ್ತವೆ.

ಇದು ಲಾಭಸಹಿತ ಪಾಲಿಸಿ. ಇದರಲ್ಲಿ ಕಂಪನಿ ಬರೆದುಕೊಡುವ ಮಾತು ಒಂದೇ: 5 ಲಕ್ಷ ವಿಮಾ ಮೊತ್ತ. ಅದರ ಮೇಲೆ ಬರುವುದೆಲ್ಲ ಬೋನಸ್. ಎಲ್ಲರ ಪ್ರೀಮಿಯಂ ಸೇರಿದ ನಿಧಿಯನ್ನು ಕಂಪನಿ ಹೂಡಿಕೆ ಮಾಡುತ್ತದೆ. ವರ್ಷಕ್ಕೊಮ್ಮೆ ಲೆಕ್ಕ ಕಟ್ಟಿ, ಖರ್ಚು, ಕ್ಲೇಮು, ಮುಂದಿನ ಹೊಣೆಗಳನ್ನೆಲ್ಲ ಕಳೆದು ಮಿಗುವ ಹಣದಲ್ಲಿ ಒಂದು ಪಾಲನ್ನು ಪಾಲಿಸಿದಾರರಿಗೆ ಘೋಷಿಸುತ್ತದೆ. ಮಿಕ್ಕದ್ದು ಹೆಚ್ಚಿದ್ದರೆ ಬೋನಸ್ ಹೆಚ್ಚು, ಕಡಿಮೆಯಾದರೆ ಕಡಿಮೆ.

ಬೋನಸ್ಸನ್ನು ಹೇಳುವ ರೀತಿಯೇ ಜನರನ್ನು ದಾರಿ ತಪ್ಪಿಸುತ್ತದೆ. ‘ಸಾವಿರಕ್ಕೆ 40 ರೂಪಾಯಿ’ ಎಂದರೆ ಕಟ್ಟಿದ ಹಣಕ್ಕೆ ಶೇ 4 ಬಡ್ಡಿ ಎಂದು ಬಹಳ ಮಂದಿ ಅಂದುಕೊಳ್ಳುತ್ತಾರೆ. ಅದು ವಿಮಾ ಮೊತ್ತದ ಪ್ರತಿ ಸಾವಿರಕ್ಕೆ 40. ಐದು ಲಕ್ಷಕ್ಕೆ ವರ್ಷಕ್ಕೆ 20,000 ಆಯಿತು. ಈ ಹಣ ನಿಮ್ಮ ಖಾತೆಗೆ ಬರುವುದಿಲ್ಲ, ಪಾಲಿಸಿಯ ಲೆಕ್ಕದಲ್ಲಿ ಬರೆದಿಡುತ್ತಾರೆ. ಕೈಗೆ ಸಿಗುವುದು ಅವಧಿ ಮುಗಿದಾಗ, ಇಲ್ಲವೇ ಅದಕ್ಕೂ ಮೊದಲು ಪಾಲಿಸಿದಾರ ತೀರಿಕೊಂಡರೆ ಮನೆಯವರಿಗೆ. ಸರಳ ಬೋನಸ್ ಆದರೆ ಅದಕ್ಕೆ ಬಡ್ಡಿಯೂ ಬೆಳೆಯುವುದಿಲ್ಲ. ಮೊದಲ ವರ್ಷ ಬರೆದ 20,000 ಇಪ್ಪತ್ತನೇ ವರ್ಷದಲ್ಲೂ 20,000 ಆಗಿಯೇ ಇರುತ್ತದೆ.

ಇಪ್ಪತ್ತು ವರ್ಷವೂ ತಪ್ಪದೆ 40ರ ದರವೇ ಸಿಕ್ಕಿತು ಎನ್ನೋಣ. ಬೋನಸ್ 4 ಲಕ್ಷ, ಮೂಲ 5 ಲಕ್ಷ, ಒಟ್ಟು 9 ಲಕ್ಷ. ನನ್ನ ಸ್ಟೇಟಸ್‌ನ ಒಂಬತ್ತು ಲಕ್ಷ ಹುಟ್ಟಿದ್ದು ಹೀಗೆ. ಕಟ್ಟಿದ್ದು 5 ಲಕ್ಷ 20 ಸಾವಿರ. ವರ್ಷ ವರ್ಷ ಕಟ್ಟಿದ ಹಣಕ್ಕೆ ಚಕ್ರಬಡ್ಡಿಯ ಲೆಕ್ಕ ಹಾಕಿದರೆ ಇದು ಸುಮಾರು ಶೇ 5ರಷ್ಟು ಆಗುತ್ತದೆ. ದರ 25ಕ್ಕೆ ಇಳಿದರೆ ಕೈಗೆ ಬರುವುದು ಏಳೂವರೆ ಲಕ್ಷ, ಅಂದರೆ ಶೇ 3.4ರ ಆಸುಪಾಸು. ಬೋನಸ್ಸೇ ಬರಲಿಲ್ಲವೆಂದರೆ 5 ಲಕ್ಷ. ಕಟ್ಟಿದ್ದಕ್ಕಿಂತ ಇಪ್ಪತ್ತು ಸಾವಿರ ಕಡಿಮೆ! ಬೋನಸ್ ಸೊನ್ನೆಯಾಗುವುದು ಅಪರೂಪ, ಅದನ್ನೂ ಹೇಳಬೇಕು. ಆದರೆ ‘ಗ್ಯಾರಂಟಿ’ ಎನ್ನುವ ಪದ ಹೊರಬಲ್ಲದ್ದು ಆ ಐದು ಲಕ್ಷವನ್ನು ಮಾತ್ರ. ಅದೂ ಕಂತುಗಳನ್ನೆಲ್ಲ ಸರಿಯಾಗಿ ಕಟ್ಟಿದ್ದರೆ.

ಒಂದು ಸಮಾಧಾನದ ಅಂಶವೂ ಇದೆ. ಒಮ್ಮೆ ಘೋಷಿಸಿ ಪಾಲಿಸಿಗೆ ಸೇರಿಸಿದ ಬೋನಸ್ಸನ್ನು, ಪಾಲಿಸಿ ನಡೆಯುತ್ತಿರುವವರೆಗೆ, ಕಂಪನಿ ವಾಪಸ್ ಪಡೆಯುವಂತಿಲ್ಲ. ಗ್ಯಾರಂಟಿ ಇಲ್ಲದ್ದು ಇನ್ನು ಮುಂದೆ ಘೋಷಿಸಬೇಕಾದ ಬೋನಸ್. ನಡುವೆ ಸರೆಂಡರ್ ಮಾಡಿದರೆ ಮಾತ್ರ ಸೇರಿದ ಬೋನಸ್ಸೂ ಪೂರ್ತಿ ಕೈಗೆ ಬರುವುದಿಲ್ಲ, ಅದಕ್ಕೂ ಕತ್ತರಿ ಬೀಳುತ್ತದೆ.

ಪ್ರಪೋಸಲ್ ಫಾರಂ ಜೊತೆಗೆ ಲಾಭದ ಅಂದಾಜು ತೋರಿಸುವ ಒಂದು ಹಾಳೆ ಕೊಡುತ್ತೇವೆ. ಬೆನಿಫಿಟ್ ಇಲಸ್ಟ್ರೇಷನ್ ಎಂದು ಕರೆಯುತ್ತಾರೆ. ಅದರಲ್ಲಿ ಗ್ಯಾರಂಟಿ ಮೊತ್ತದ ಪಕ್ಕದಲ್ಲಿ ಶೇ 4 ಮತ್ತು ಶೇ 8 ಎಂಬ ಎರಡು ಲೆಕ್ಕ ಇರುತ್ತವೆ. ಈ ಎರಡು ದರಗಳು ಕಂಪನಿ ತಾನಾಗಿ ಆರಿಸಿಕೊಂಡವಲ್ಲ, ನಿಯಮ ಗೊತ್ತುಮಾಡಿದ ಊಹೆಗಳು. ಶೇ 8 ಎಂದರೆ ನಿಮಗೆ ಶೇ 8 ಸಿಗುತ್ತದೆಂದಲ್ಲ. ನಿಧಿಯ ಹೂಡಿಕೆ ಅಷ್ಟು ಗಳಿಸಿದರೆ, ಕಮಿಷನ್, ಆಡಳಿತ ಖರ್ಚು, ಜೀವದ ಅಪಾಯಕ್ಕೆ ಹಿಡಿಯುವ ಹಣ ಎಲ್ಲ ಕಳೆದ ಮೇಲೆ ನಿಮಗೆ ಎಷ್ಟು ಉಳಿದೀತು ಎಂಬ ಅಂದಾಜು. ನಮ್ಮ ಉದಾಹರಣೆಯಲ್ಲಿ ಶೇ 8ರ ಕಡೆ 9 ಲಕ್ಷ, ಶೇ 4ರ ಕಡೆ 6 ಲಕ್ಷ ಇದೆ ಎಂದಿಟ್ಟುಕೊಳ್ಳಿ. ಏಜೆಂಟರ ಬೆರಳು ಸಾಮಾನ್ಯವಾಗಿ ಮೊದಲನೆಯದರ ಮೇಲೆಯೇ ನಿಲ್ಲುತ್ತದೆ. ನೀವು ಎರಡನೆಯದನ್ನು ಓದಿಸಿ. ಇವು ಕನಿಷ್ಠವೂ ಅಲ್ಲ, ಗರಿಷ್ಠವೂ ಅಲ್ಲ ಎಂಬ ಸಾಲು ಅದೇ ಹಾಳೆಯಲ್ಲಿದೆ.

ಯೂಲಿಪ್ ಆದರೆ ಮಾತು ಬೇರೆ. ಅಲ್ಲಿ ಹಣ ಷೇರು, ಸಾಲಪತ್ರಗಳಿಗೆ ಹೋಗುತ್ತದೆ, ಏರಿಳಿತದ ಅಪಾಯ ಪಾಲಿಸಿದಾರನದೇ. ಅದನ್ನು ಜಾಹೀರಾತಿನಲ್ಲಿ ಎದ್ದು ಕಾಣುವಂತೆ ಬರೆಯಲೇಬೇಕು. ಮೊದಲ ಐದು ವರ್ಷ ಹಣ ತೆಗೆಯಲಾಗದು ಎಂಬುದನ್ನೂ.

ಈಗ ನನ್ನ ಸ್ಟೇಟಸ್‌ಗೆ ಬರೋಣ. ಏಜೆಂಟ್ ತನ್ನ ಫೋನಿನಲ್ಲಿ ಹಾಕುವ ಎರಡು ಸಾಲು ಕೂಡ, ಪಾಲಿಸಿ ಮಾರುವ ಉದ್ದೇಶದ್ದಾದರೆ, ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಯಮದ ಪ್ರಕಾರ ಜಾಹೀರಾತೇ. ಕಂಪನಿಯ ಲಿಖಿತ ಒಪ್ಪಿಗೆ ಮೊದಲೇ ಬೇಕು. ನಾನು ಅದನ್ನು ಪಡೆದಿರಲಿಲ್ಲ, ತಪ್ಪು ನನ್ನದೇ. ಆಮೇಲೆ ಕಂಪನಿಗೆ ಕಳಿಸಿ ಒಪ್ಪಿಗೆ ಪಡೆದು ಹಾಕಿದ್ದು ಹೀಗಿತ್ತು:

‘ವರ್ಷಕ್ಕೆ ಸುಮಾರು 26,000 ರೂಪಾಯಿಯಂತೆ 20 ವರ್ಷ ಕಟ್ಟುವ ಲಾಭಸಹಿತ ಜೀವ ವಿಮಾ ಪಾಲಿಸಿ. ಅವಧಿ ಮುಗಿದಾಗ 5 ಲಕ್ಷ ವಿಮಾ ಮೊತ್ತ ಮತ್ತು ಅಲ್ಲಿಯವರೆಗೆ ಸೇರಿದ ಬೋನಸ್. ನಡುವೆ ಪಾಲಿಸಿದಾರರು ತೀರಿಕೊಂಡರೆ ನಾಮಿನಿಗೆ ವಿಮಾ ಮೊತ್ತ ಮತ್ತು ಅಂದಿನವರೆಗಿನ ಬೋನಸ್. ಮುಂದಿನ ಬೋನಸ್‌ಗೆ ಗ್ಯಾರಂಟಿ ಇಲ್ಲ. ಅದು ಕಂಪನಿಯ ಗಳಿಕೆಯನ್ನು ಅವಲಂಬಿಸಿದೆ. ಅಪಾಯ, ನಿಯಮ, ಷರತ್ತುಗಳಿಗಾಗಿ ಕೊಳ್ಳುವ ಮುನ್ನ ಮಾರಾಟ ಕೈಪಿಡಿಯನ್ನು ಗಮನವಿಟ್ಟು ಓದಿ.’

ಅದರ ಕೆಳಗೆ ಕಂಪನಿಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪಾಲಿಸಿಯ ಹೆಸರು ಮತ್ತು ಯುಐಎನ್. ಯುಐಎನ್ ಎಂದರೆ ಪ್ರತಿ ಪಾಲಿಸಿ ಬಗೆಗೂ ಇರುವ ಗುರುತಿನ ಸಂಖ್ಯೆ. ಇದೊಂದು ಇದ್ದರೆ ಕಂಪನಿಯ ಜಾಲತಾಣಕ್ಕೆ ಹೋಗಿ ಅದೇ ಪಾಲಿಸಿಯ ಷರತ್ತುಗಳನ್ನು ನೀವೇ ತೆಗೆದು ಓದಬಹುದು. ಸಂಖ್ಯೆಯೇ ಇಲ್ಲದೆ ‘ಸೂಪರ್ ಸೇವಿಂಗ್ಸ್ ಪ್ಲಾನ್’ ಎಂದಷ್ಟೇ ಕಂಡರೆ ಕೇಳಿ ಪಡೆಯಿರಿ. ಜಾಹೀರಾತು ಕನ್ನಡದಲ್ಲಿದ್ದರೆ ಎಚ್ಚರಿಕೆಯ ಸಾಲುಗಳೂ ಕನ್ನಡದಲ್ಲೇ ಇರಬೇಕು. ಲಾಭವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹೇಳಿ, ಷರತ್ತನ್ನು ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಮುಗಿಸುವುದು ನನಗಂತೂ ಮೋಸವಾಗಿಯೇ ಕಾಣುತ್ತದೆ.

‘ಮೊದಲ ಕಂತು ನಾನೇ ಕಟ್ಟುತ್ತೇನೆ’ ಎಂಬ ಸಾಲು ಕಂಡರೆ ದೂರ ಸರಿಯಿರಿ. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಏಜೆಂಟ್ ತನ್ನ ಕಮಿಷನ್‌ನಲ್ಲಿ ಪಾಲು ಬಿಟ್ಟುಕೊಟ್ಟು ಪಾಲಿಸಿ ಮಾಡಿಸುವಂತಿಲ್ಲ, ಕೊಳ್ಳುವವರು ಅದನ್ನು ಪಡೆಯುವಂತೆಯೂ ಇಲ್ಲ. ದಂಡ 10 ಲಕ್ಷದವರೆಗೆ.

ಇಷ್ಟೆಲ್ಲ ಆದ ಮೇಲೂ ಬಾಂಡು ಕೈಗೆ ಬಂದಾಗ ಸ್ಟೇಟಸ್‌ನ ಮಾತಿಗೂ ಅದಕ್ಕೂ ತಾಳೆಯಾಗದಿದ್ದರೆ, ತಲುಪಿದ 30 ದಿನದೊಳಗೆ ವಾಪಸ್ ಕೊಡಬಹುದು. ಸ್ಟಾಂಪ್ ಡ್ಯೂಟಿ, ವೈದ್ಯಕೀಯ ಪರೀಕ್ಷೆಯ ಖರ್ಚು, ಅಷ್ಟು ದಿನದ ವಿಮಾ ರಕ್ಷಣೆಯ ಹಣ ಕಳೆದು ಉಳಿದದ್ದು ಮರಳಿ ಬರುತ್ತದೆ. ಅದಕ್ಕೇ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, 24 ಗಂಟೆಯಲ್ಲಿ ಅದು ಮಾಯವಾಗುತ್ತದೆ.

ಆ ದಿನ ಅಂಗಡಿಯಲ್ಲಿ ಲೆಕ್ಕವೆಲ್ಲ ಕೇಳಿದ ಮೇಲೆ ಆಕೆ ಅಳತೆ ಬರೆಯುವ ಪುಸ್ತಕದ ಕೊನೆಯ ಪುಟ ತೆಗೆದರು. ‘ಹಾಗಾದ್ರೆ ಮಗಳ ಕಾಲೇಜಿಗೆ ಅಂತ ಐದು ಲಕ್ಷಾನೇ ಬರ್ಕೋತೀನಿ ಅಣ್ಣಾ, ಉಳಿದಿದ್ದು ಬಂದಾಗ ನೋಡೋಣ’ ಎಂದರು. ‘ಹಾಗೇ ಬರ್ಕೋಮ್ಮಾ’ ಎಂದೆ. ಐದು ಲಕ್ಷವನ್ನು ಪೆನ್ನಿನಲ್ಲಿ ಬರೆದರು. ಪಕ್ಕದಲ್ಲಿ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಿಂದ, ‘ಬೋನಸ್’ ಎಂದಷ್ಟೇ ಬರೆದು ಅಂಕಿಯ ಜಾಗ ಖಾಲಿ ಬಿಟ್ಟರು.