ಗಡಿಭಾಗದ ಕನ್ನಡ ಕಲಿಕೆಯಲ್ಲಿ ಸ್ಥಳ–ಕಾಲ ಸೂಚಕ ಪ್ರತ್ಯಯಗಳು: ಮರಾಠಿ ಮಾತೃಭಾಷಿಕರನ್ನು ಕುರಿತು

ಬೀದರ ಜಿಲ್ಲೆಯು 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತದ ಭಾಷೆ ಉರ್ದುವಿನಿಂದ ಕನ್ನಡಕ್ಕೆ ಬದಲಾಯಿತಾದರೂ ಮನೆಮಾತುಗಳು ಬದಲಾಗಲಿಲ್ಲ. ಬೀದರ ನಗರದಲ್ಲಿ ದಖನಿ ಉರ್ದು, ಭಾಲ್ಕಿ ಮತ್ತು ಔರಾದ ಭಾಗಗಳಲ್ಲಿ ಮರಾಠಿ ಇಂದಿಗೂ ಕನ್ನಡದ ಜೊತೆಜೊತೆಗೆ ಬಳಕೆಯಲ್ಲಿವೆ. ಮರಾಠಿ ಮನೆಮಾತಿನ ವಿದ್ಯಾರ್ಥಿಯು ಕನ್ನಡದಲ್ಲಿ ಬರೆಯತೊಡಗಿದಾಗ ಶಬ್ದಸಂಪತ್ತಿಗಿಂತ ಹೆಚ್ಚಾಗಿ ತೊಡಕುಂಟುಮಾಡುವುದು ವಿಭಕ್ತಿ. ಅದರಲ್ಲಿಯೂ ಸ್ಥಳ ಮತ್ತು ಕಾಲವನ್ನು ಸೂಚಿಸುವ ‘ಗೆ’, ‘ಅಲ್ಲಿ’, ‘ಇಂದ’ ಎಂಬ ಮೂರು ಪ್ರತ್ಯಯಗಳು. ಇವುಗಳಿಗೆ ಮರಾಠಿಯಲ್ಲಿ ಸಮಾನ ರೂಪಗಳಿವೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ತೊಡಕು ಹುಟ್ಟುವುದು ಈ ತೋರಿಕೆಯಿಂದಲೇ.

ಮೊದಲು ಸ್ಥಳವನ್ನು ಗಮನಿಸಬಹುದು. ಮರಾಠಿಯಲ್ಲಿ ‘ತೋ ಶಾಳೇತ ಜಾತೋ’ ಎಂದರೆ ‘ಅವನು ಶಾಲೆಗೆ ಹೋಗುತ್ತಾನೆ’ ಎಂದರ್ಥ. ಇಲ್ಲಿರುವ ‘ತ’ ಅಧಿಕರಣದ ಪ್ರತ್ಯಯ. ‘ತೋ ಶಾಳೇತ ಆಹೇ’ (ಅವನು ಶಾಲೆಯಲ್ಲಿದ್ದಾನೆ) ಎಂಬಲ್ಲಿಯೂ ಅದೇ ರೂಪ. ‘ಘರೀ’ ಎಂಬ ಹಳೆಯ ಸಪ್ತಮೀ ರೂಪವೂ ಹೀಗೆಯೇ: ‘ಘರೀ ಜಾತೋ’ ಎಂದರೆ ಮನೆಗೆ ಹೋಗುತ್ತಾನೆ, ‘ಘರೀ ಆಹೇ’ ಎಂದರೆ ಮನೆಯಲ್ಲಿದ್ದಾನೆ. ಊರಿನ ಹೆಸರು ಬಂದಾಗ ಮಾತ್ರ ಪ್ರತ್ಯಯ ಬೇರೆಯಾಗುತ್ತದೆ. ‘ಭಾಲಕೀಲಾ ಜಾತೋ’ ಎಂದರೆ ಭಾಲ್ಕಿಗೆ ಹೋಗುತ್ತಾನೆ. ‘ಭಾಲಕೀಲಾ ರಾಹತೋ’ ಎಂದರೆ ಭಾಲ್ಕಿಯಲ್ಲಿ ವಾಸಿಸುತ್ತಾನೆ. ಊರಿನ ಹೆಸರಿಗೆ ‘ಮಧ್ಯೇ’ ಸೇರಿಸಿ ಹೇಳುವುದೂ ಉಂಟು. ಆದರೆ ಆಡುಮಾತಿನಲ್ಲಿ ‘ಲಾ’ ಸಹಜವಾಗಿ ಎರಡೂ ಅರ್ಥಗಳಿಗೆ ಸಲ್ಲುತ್ತದೆ.

ಈ ಮೂರು ಜೋಡಿಗಳನ್ನು ಒಟ್ಟಿಗೆ ನೋಡಿದರೆ ಎರಡು ಭಾಷೆಗಳ ವಿಂಗಡಣೆಯ ಕ್ರಮವೇ ಬೇರೆ ಎಂಬುದು ತಿಳಿಯುತ್ತದೆ. ಈ ಪ್ರಯೋಗಗಳಲ್ಲಿ ಮರಾಠಿಯು ಪ್ರತ್ಯಯವನ್ನು ಆರಿಸುವುದು ನಾಮಪದದ ಬಗೆಯನ್ನು ನೋಡಿ: ಅದು ಊರೇ, ಮನೆಯೇ, ಶಾಲೆಯಂತಹ ಆವರಣವೇ? ಇರುವುದೇ ಹೋಗುವುದೇ ಎಂಬ ಭೇದವನ್ನು ಕ್ರಿಯಾಪದವೇ ಹೇಳುತ್ತದೆ. ಕನ್ನಡಕ್ಕೆ ನಾಮಪದದ ಬಗೆ ಮುಖ್ಯವಲ್ಲ. ಶಾಲೆಯಾಗಲಿ, ಮನೆಯಾಗಲಿ, ಭಾಲ್ಕಿಯಾಗಲಿ, ಗುರಿಯಾದರೆ ‘ಗೆ’, ನೆಲೆಯಾದರೆ ‘ಅಲ್ಲಿ’. ಬೀದರ ಭಾಗದ ಆಡುಗನ್ನಡದಲ್ಲಿ ‘ಶಾಲಿಗ’, ‘ಶಾಲ್ಯಾಗ’ ಎಂದು ರೂಪ ಬದಲಾದರೂ ಈ ಭೇದ ಅಳಿಯುವುದಿಲ್ಲ.

ಹೀಗಾಗಿ ಒಬ್ಬನೇ ವಿದ್ಯಾರ್ಥಿಯು ‘ನಾನು ಶಾಲೆಯಲ್ಲಿ ಹೋಗುತ್ತೇನೆ’ ಎಂದೂ ‘ನಾನು ಭಾಲ್ಕಿಗೆ ಇರುತ್ತೇನೆ’ ಎಂದೂ ಬರೆಯುವುದು ಸಾಧ್ಯ. ಮೊದಲ ವಾಕ್ಯದಲ್ಲಿ ‘ಗೆ’ ಬಿಟ್ಟಿದ್ದಾನೆ, ಎರಡನೆಯದರಲ್ಲಿ ಬೇಡದಲ್ಲಿ ‘ಗೆ’ ತಂದಿದ್ದಾನೆ. ಉತ್ತರಪತ್ರಿಕೆ ತಿದ್ದುವವರಿಗೆ ಇದು ಗೊತ್ತುಗುರಿಯಿಲ್ಲದ ಅಜಾಗರೂಕತೆಯಂತೆ ಕಾಣುತ್ತದೆ. ವಾಸ್ತವವಾಗಿ ಎರಡೂ ತಪ್ಪುಗಳ ಮೂಲ ಒಂದೇ; ವಿದ್ಯಾರ್ಥಿಯು ಮರಾಠಿಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಊರ ಹೆಸರುಗಳಿಗೆಲ್ಲ ‘ಗೆ’, ಕಟ್ಟಡಗಳಿಗೆಲ್ಲ ‘ಅಲ್ಲಿ’ ಎಂಬ ಹಂಚಿಕೆ ಕಂಡುಬಂದರೆ ಅದು ಮಾತೃಭಾಷೆಯ ಪ್ರಭಾವವೆಂದು ಗುರುತಿಸಬಹುದು.

ಆದರೆ ‘ಚಲನೆ ಇದ್ದರೆ ಗೆ’ ಎಂಬ ಸುಲಭ ಸೂತ್ರವನ್ನು ಹೇಳಿಕೊಟ್ಟರೆ ಇನ್ನೊಂದು ತೊಡಕು ಏಳುತ್ತದೆ. ‘ರಸ್ತೆಯಲ್ಲಿ ಹೋದನು’ ಎಂಬಲ್ಲಿ ಚಲನೆಯಿದೆ, ಪ್ರತ್ಯಯ ಮಾತ್ರ ‘ಅಲ್ಲಿ’. ರಸ್ತೆಯು ಇಲ್ಲಿ ಗುರಿಯಲ್ಲ, ದಾರಿ. ಮರಾಠಿಯಲ್ಲಿ ಇದು ‘ರಸ್ತ್ಯಾನೇ’ ಅಥವಾ ‘ರಸ್ತ್ಯಾವರೂನ’ ಎಂದಾಗುವುದರಿಂದ ‘ರಸ್ತೆಯಿಂದ ಹೋದನು’ ಎಂಬ ಬರವಣಿಗೆ ಬರುತ್ತದೆ. ಬೀದರಿನಿಂದ ಭಾಲ್ಕಿ, ಕಮಲನಗರಗಳನ್ನು ಹಾದು ಉದಗೀರಕ್ಕೆ ಹೋಗುವ ರೈಲನ್ನು ಕುರಿತು ‘ಭಾಲ್ಕಿಯಿಂದ ಹೋಗುತ್ತದೆ’ ಎಂದು ಬರೆದರೆ ರೈಲು ಭಾಲ್ಕಿಯಲ್ಲಿ ಹೊರಡುತ್ತದೆ ಎಂದೇ ಓದುಗರು ತಿಳಿಯುತ್ತಾರೆ. ‘ಭಾಲ್ಕಿಯ ಮೇಲೆ’ ಅಥವಾ ‘ಭಾಲ್ಕಿ ಮಾರ್ಗವಾಗಿ’ ಎನ್ನಬೇಕು.

ಸ್ಥಳದ ತಪ್ಪುಗಳು ಬಹುಮಟ್ಟಿಗೆ ಅರ್ಥಕ್ಕೆ ಧಕ್ಕೆ ತರುವುದಿಲ್ಲ, ಕೇಳುವವರು ಸರಿಪಡಿಸಿಕೊಳ್ಳುತ್ತಾರೆ. ಕಾಲದ ತಪ್ಪುಗಳು ಹಾಗಲ್ಲ. ಇವುಗಳಲ್ಲಿ ‘ಇಂದ’ ಪ್ರತ್ಯಯದ ಪ್ರಸಂಗವು ವಿಶೇಷ ಗಮನಕ್ಕೆ ಅರ್ಹವಾಗಿದೆ.

ಕೇಶಿರಾಜನ ಕಾಲದಿಂದಲೂ ಕನ್ನಡ ವ್ಯಾಕರಣಗಳು ತೃತೀಯೆ ಮತ್ತು ಪಂಚಮಿಗಳನ್ನು ಬೇರೆಬೇರೆಯಾಗಿ ಎಣಿಸುತ್ತ ಬಂದಿವೆ. ಶಾಲಾ ವ್ಯಾಕರಣದಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿಸಲಾಗುತ್ತದೆ, ಆ ಪ್ರತ್ಯಯವನ್ನು ಮಾತಿನಲ್ಲಿ ಬಳಸುವವರು ಯಾರೂ ಸಿಗದಿದ್ದರೂ! ಬಳಕೆಯ ಕನ್ನಡದಲ್ಲಿ ಎರಡಕ್ಕೂ ‘ಇಂದ’ ಒಂದೇ: ಚಾಕುವಿನಿಂದ ಕೊಯ್ದನು, ಊರಿನಿಂದ ಬಂದನು, ಎರಡು ದಿನಗಳಿಂದ ಜ್ವರ. ಮರಾಠಿಯಲ್ಲಿ ಇವು ಬೇರೆಬೇರೆ: ‘ಚಾಕೂನೇ’, ‘ಗಾವಾಹೂನ’, ‘ದೋನ ದಿವಸಾಂಪಾಸೂನ’. ಕಲಿಯುವವನು ಮೊದಲ ಉದಾಹರಣೆಯಿಂದ ‘ನೇ’ ಎಂದರೆ ‘ಇಂದ’ ಎಂದು ಸಮೀಕರಿಸಿಕೊಳ್ಳುತ್ತಾನೆ, ಅದು ಸರಿಯೂ ಹೌದು. ಆದರೆ ಮರಾಠಿಯ ‘ನೇ’, ಅದರ ಬಹುವಚನ ‘ನೀ’, ಕಾಲವಾಚಕಗಳಿಗೆ ಹತ್ತಿದಾಗ ‘ಅಷ್ಟು ಕಾಲ ಕಳೆದ ಬಳಿಕ’ ಎಂಬ ಅರ್ಥವನ್ನು ಕೊಡುತ್ತದೆ. ‘ದೋನ ದಿವಸಾಂನೀ ಯೇಈನ’ ಎಂದರೆ ಎರಡು ದಿನ ಬಿಟ್ಟು ಬರುತ್ತೇನೆ. ‘ಏಕಾ ಮಹಿನ್ಯಾನೇ’ ಎಂದರೆ ಒಂದು ತಿಂಗಳ ನಂತರ. ಕನ್ನಡದ ‘ತಿಂಗಳಿಂದ’ ಸೂಚಿಸುವುದು ಇದಕ್ಕೆ ವಿರುದ್ಧವಾದ ದಿಕ್ಕನ್ನು, ಅಂದರೆ ಹಿಂದಿನಿಂದ ಈವರೆಗೆ ನಡೆದುಬಂದದ್ದನ್ನು.

ಔರಾದ ಕಡೆಯ ಮರಾಠಿ ಮಾತೃಭಾಷಿಕ ರೈತನೊಬ್ಬನು ಸಹಕಾರ ಸಂಘಕ್ಕೆ ಕನ್ನಡದಲ್ಲಿ ಅರ್ಜಿ ಬರೆಯುವ ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಅವನ ಮನಸ್ಸಿನಲ್ಲಿರುವ ವಾಕ್ಯ ‘ಏಕಾ ಮಹಿನ್ಯಾನೇ ಕರ್ಜ ಭರೀನ’, ತಿಂಗಳ ನಂತರ ಸಾಲ ಕಟ್ಟುವೆನು ಎಂಬುದು. ಅವನು ಬರೆಯುವುದು ‘ಒಂದು ತಿಂಗಳಿಂದ ಸಾಲ ಕಟ್ಟುತ್ತೇನೆ’ ಎಂದು. ಓದಿದ ಗುಮಾಸ್ತನಿಗೆ ಇದು ತಿಂಗಳಿನಿಂದ ಕಂತು ಕಟ್ಟುತ್ತಿರುವವನ ಹೇಳಿಕೆ. ಖಾತೆಯಲ್ಲಿ ಒಂದು ಕಂತೂ ಇಲ್ಲದಿರುವುದರಿಂದ ಸುಳ್ಳು ಹೇಳಿಕೆ. ಅರ್ಜಿದಾರನು ಕೇಳಿದ್ದು ಕಾಲಾವಕಾಶವನ್ನು.

ಇಲ್ಲಿ ಕ್ರಿಯಾಪದವು ನೆರವಿಗೆ ಬಾರದಿರುವುದಕ್ಕೂ ಕಾರಣವಿದೆ. ಮರಾಠಿಯಲ್ಲಿ ‘ಭರತೋ’ (ವರ್ತಮಾನ) ಮತ್ತು ‘ಭರೀನ’ (ಭವಿಷ್ಯತ್) ಸ್ಪಷ್ಟವಾಗಿ ಬೇರೆ. ಕನ್ನಡದ ‘ಕಟ್ಟುತ್ತೇನೆ’ ಎಂಬ ರೂಪ ಎರಡೂ ಕಾಲಗಳಿಗೆ ಸಲ್ಲುತ್ತದೆ. ಆಡುಮಾತಿನ ‘ಕಟ್ತೀನಿ’ಯೂ ಅಷ್ಟೆ. ‘ನಾಳೆ ಕಟ್ಟುತ್ತೇನೆ’, ‘ಪ್ರತಿ ತಿಂಗಳು ಕಟ್ಟುತ್ತೇನೆ’ ಎಂಬಲ್ಲಿ ಕಾಲವನ್ನು ನಿರ್ಣಯಿಸುವುದು ಪಕ್ಕದ ಪದ. ಆ ಪದದ ಪ್ರತ್ಯಯವೇ ತಪ್ಪಿದಾಗ ವಾಕ್ಯದಲ್ಲಿ ಬೇರೆ ಆಧಾರ ಉಳಿಯುವುದಿಲ್ಲ. ಇಂತಹ ಬರವಣಿಗೆಯನ್ನು ಓದುವವರು ‘ಕಾಲಾವಧಿ + ಇಂದ + ಉತ್ತೇನೆ’ ಎಂಬ ಜೋಡಣೆ ಕಂಡಲ್ಲಿ ಒಂದು ಕ್ಷಣ ನಿಲ್ಲುವುದು ಯುಕ್ತ. ನಡೆದುಬಂದ ಕ್ರಿಯೆಯನ್ನೇ ಹೇಳಬೇಕಾಗಿದ್ದಲ್ಲಿ ಕನ್ನಡ ಬಲ್ಲವರು ಸಾಮಾನ್ಯವಾಗಿ ‘ಕಟ್ಟುತ್ತಿದ್ದೇನೆ’ ಅಥವಾ ‘ಕಟ್ಟುತ್ತ ಬಂದಿದ್ದೇನೆ’ ಎನ್ನುತ್ತಾರೆ.

ತಿದ್ದುಪಡಿಗೆ ಮರಾಠಿಯಲ್ಲಿಯೇ ಒಂದು ಆಸರೆಯಿದೆ. ‘ಆಲ್ಯಾವರ’ ಎಂಬ ರೂಪದಲ್ಲಿರುವ ‘ವರ’ ಕನ್ನಡದ ‘ಮೇಲೆ’ಗೆ ನೇರವಾಗಿ ಹೊಂದುತ್ತದೆ: ‘ಬಂದ ಮೇಲೆ’. ಆದ್ದರಿಂದ ‘ಮಹಿನ್ಯಾನೇ’ ಎಂಬುದನ್ನು ಮೊದಲು ‘ಮಹಿನಾ ಝಾಲ್ಯಾವರ’ ಎಂದು ಬಿಡಿಸಿಕೊಂಡರೆ ‘ತಿಂಗಳಾದ ಮೇಲೆ’ ತಾನಾಗಿ ಬರುತ್ತದೆ. ಈ ಹೊಂದಿಕೆ ಕೃದಂತಗಳಿಗಷ್ಟೇ ಸೀಮಿತ ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ‘ಊಟದ ಮೇಲೆ ಎಲೆಯಡಿಕೆ’ ಎನ್ನಬಹುದು. ಮರಾಠಿಯಲ್ಲಿ ಈ ಅರ್ಥಕ್ಕೆ ‘ಜೇವಣಾನಂತರ’ ಅಥವಾ ‘ಜೇವಲ್ಯಾವರ’ ಎನ್ನುವುದು ವಾಡಿಕೆ.

ಇವೆಲ್ಲವನ್ನೂ ತಪ್ಪು ಎಂದೇ ಕರೆಯಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಗ್ರಾಮದ ಕನ್ನಡ, ಮರಾಠಿ, ಉರ್ದುಗಳನ್ನು ಕುರಿತು ಗುಂಪರ್ಜ್ ಮತ್ತು ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಅಧ್ಯಯನವು, ದೀರ್ಘಕಾಲದ ಸಹವಾಸದಿಂದ ಆ ಭಾಷೆಗಳ ವಾಕ್ಯರಚನೆ ಬಹುತೇಕ ಒಂದೇ ಅಚ್ಚಿಗೆ ಬಂದಿರುವುದನ್ನೂ ಶಬ್ದಗಳು ಮಾತ್ರ ಬೇರೆಯಾಗಿ ಉಳಿದಿರುವುದನ್ನೂ ತೋರಿಸಿತು. ಮೂರೂ ಭಾಷೆ ಬಲ್ಲವರು ಪರಸ್ಪರ ಮಾತನಾಡುವಾಗ ‘ಭಾಲ್ಕಿಗೆ ಇರುತ್ತಾನೆ’ ಎಂಬುದು ಯಾರನ್ನೂ ಎಡವಿಸದು. ಅರ್ಜಿಯನ್ನು ಓದುವ ಗುಮಾಸ್ತನು ದಾವಣಗೆರೆಯಿಂದಲೋ ಮಂಡ್ಯದಿಂದಲೋ ವರ್ಗವಾಗಿ ಬಂದವನಾಗಿದ್ದರೆ ‘ತಿಂಗಳಿಂದ’ ಎಂಬುದಕ್ಕೆ ಅವನ ಬಳಿ ಒಂದೇ ಅರ್ಥವಿರುತ್ತದೆ.